ಅಪ್ಪನ ಉಪದೇಶದ ಪತ್ರವನ್ನು ಮೆತ್ತಗೆ ಮಾಡುವುದು ಹೇಗೆ?

ಪ್ರಶ್ನೆ: ತಮ್ಮ ಕೆಲಸಕ್ಕೆ ದುಬೈಗೆ ಹೊರಟಿದ್ದಾನೆ. ಅಪ್ಪ ಅವನಿಗೆ ಕೊಡಲು ಉದ್ದದ ಪತ್ರ ಬರೆದಿದ್ದಾರೆ, ಪೂರ್ತಿ ಉಪದೇಶ. ಸ್ವಲ್ಪ ಮೆತ್ತಗೆ ಮಾಡಿ ಕೊಡು ಅಂತ ನನಗೇ ಕೊಟ್ಟಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಪತ್ರವನ್ನು ಪಕ್ಕಕ್ಕಿಟ್ಟು ಮೊದಲು ಅಪ್ಪನನ್ನು ಮಾತಾಡಿಸಿ. ನಮ್ಮ ಕುಮಟೆ ಕಡೆ ಅಪ್ಪಂದಿರು ಮನೆಯಲ್ಲಿ "ತಮಾ, ಉಂಡ್ಯಾ" ಅಂತ ಎಷ್ಟು ಅಕ್ಕರೆಯಿಂದ ಕೇಳುತ್ತಾರೆ, ಆದರೆ ಪೆನ್ನು ಹಿಡಿದರೆ ಸಾಕು, ಕೋರ್ಟಿನ ನೋಟಿಸಿನ ಹಾಗೆ ಬರೆಯುತ್ತಾರೆ. ನೆರೆಮನೆಯ ಮಾಣಿ ಅದೇ ದುಬೈಗೆ ಎಸಿ ರಿಪೇರಿ ಕೆಲಸಕ್ಕೆ ಹೊರಟಾಗ ಅವನ ಅಪ್ಪನ ಪತ್ರವನ್ನು ತಿದ್ದಿಕೊಟ್ಟವನು ನಾನು. ಒಂದೊಂದು ಸಾಲು ಓದಿ, "ಇದನ್ನು ಯಾಕೆ ಬರೆದಿರಿ?" ಅಂತ ಕೇಳಿದೆ. ಅವರು ಬಾಯಲ್ಲಿ ಹೇಳಿದ್ದನ್ನೇ ಬರೆದುಕೊಂಡೆ. ಪತ್ರದ ಮುಕ್ಕಾಲು ಭಾಗ ಅಲ್ಲೇ ಸಿಕ್ಕಿತು.

ಒಂದು ಸಾಲು ಹೀಗಿತ್ತು: "ಪರದೇಶದಲ್ಲಿ ದುರ್ಜನರ ಸಹವಾಸ ಮಾಡಕೂಡದು, ಅದು ನಾಶಕ್ಕೆ ದಾರಿ." ಕೇಳಿದರೆ ಅವರ ಹೆದರಿಕೆ ಬೇರೆಯೇ. ಕಂಪನಿ ಕೊಡುವ ರೂಮಿನಲ್ಲಿ ಗುರುತಿಲ್ಲದ ಹತ್ತು ಜನ ಇರುತ್ತಾರೆ, ಮಗ ಜ್ವರ ಬಂದು ಮಲಗಿದರೆ ಯಾರಿಗೆ ಫೋನ್ ಮಾಡಿ ಕೇಳುವುದು ಅಂತ. ಆ ಸಾಲನ್ನು ಹೀಗೆ ಮಾಡಿದೆವು: "ತಮಾ, ನಿನ್ನ ರೂಮಿನಲ್ಲಿ ಯಾರಿರುತ್ತಾರೋ ನನಗೆ ಗೊತ್ತಿಲ್ಲ, ಅದೊಂದು ಹೆದರಿಕೆ. ಅಲ್ಲಿಗೆ ಹೋಗಿ ಒಂದು ವಾರದೊಳಗೆ ಅವರ ಹೆಸರು, ಊರು ಹೇಳು. ಯಾರಾದರೂ ಇಬ್ಬರ ನಂಬರ್ ಅಮ್ಮನಿಗೆ ಕಳಿಸಿಡು." ಇದನ್ನು ಓದಿದ ಮಗನಿಗೆ ಮಾಡಲು ಒಂದು ಕೆಲಸ ಸಿಗುತ್ತದೆ, ಅಪ್ಪನ ಮನಸ್ಸೂ ಗೊತ್ತಾಗುತ್ತದೆ.

ದುಡ್ಡಿನ ಸಾಲು ಎಲ್ಲ ಪತ್ರದಲ್ಲೂ ಇರುತ್ತದೆ, ಅದೇ ಜಾಸ್ತಿ ಚುಚ್ಚುವುದು. "ಹಣ ಪೋಲು ಮಾಡಬೇಡ, ತಂದೆ ಪಟ್ಟ ಕಷ್ಟ ಮರೆಯಬೇಡ" ಅಂತಿತ್ತು. ಇದರ ಹಿಂದೆ ಸೊಸೈಟಿಯ ಸಾಲ ಇತ್ತು. ಟಿಕೆಟ್ಟು, ಏಜೆಂಟು ಅಂತ ತೆಗೆದದ್ದು, ಮಗನಿಗೆ ಅದರ ಲೆಕ್ಕವನ್ನೇ ಸರಿಯಾಗಿ ಹೇಳಿರಲಿಲ್ಲ. ಸಾಲವನ್ನು ಮುಚ್ಚಿಟ್ಟು ಕಷ್ಟವನ್ನು ನೆನಪಿಸಿದರೆ ಮಗನಿಗೆ ಸುಮ್ನೆ ಹೊರೆ, ಅಲ್ವಾ? ಅದಕ್ಕೆ ಸಾಲದ ಮೊತ್ತ, ಕಂತಿನ ತಾರೀಖು ಎರಡನ್ನೂ ಬರೆಸಿ, ಕೆಳಗೆ ಇಷ್ಟು ಸೇರಿಸಿದೆವು: "ಮೊದಲ ಮೂರು ಕಂತು ಅಡಿಕೆ ದುಡ್ಡಿನಲ್ಲಿ ನಾನು ಕಟ್ಟುತ್ತೇನೆ. ನೀನು ಅಲ್ಲಿ ನೆಲೆ ನಿಂತ ಮೇಲೆ, ಊಟ ರೂಮು ಕಳೆದು ಎಷ್ಟು ಕಳಿಸಲು ಆಗುತ್ತದೆ ಅಂತ ನೀನೇ ಹೇಳು."

"ಪಕ್ಕದ ಮನೆಯವರ ಮಗ ಮೂರೇ ವರ್ಷದಲ್ಲಿ ಮನೆ ಕಟ್ಟಿಸಿದ" ಎಂಬಂಥ ಸಾಲಿದ್ದರೆ ಮಾತ್ರ ತಿದ್ದಲು ಹೋಗಬೇಡಿ, ತೆಗೆದುಬಿಡಿ. ಅದನ್ನು ಹೇಗೆ ಬರೆದರೂ ನೋಯುತ್ತದೆ.

ಆದರೆ ಎಲ್ಲವನ್ನೂ ಮೆತ್ತಗೆ ಮಾಡಬಾರದು. ಕಾನೂನಿನ ವಿಷಯ ಖಡಕ್ಕಾಗಿಯೇ ಇರಲಿ, ಕಾರಣ ಮಾತ್ರ ಜೊತೆಗಿರಲಿ. ಆ ಪತ್ರದಲ್ಲಿ "ದಾಖಲೆಗಳನ್ನು ಜಾಗ್ರತೆಯಿಂದ ಕಾಪಾಡತಕ್ಕದ್ದು" ಅಂತ ಇತ್ತು. ಕೇಳಲು ಜೋರು, ಆದರೆ ಮಗನಿಗೆ ಏನು ಮಾಡಬೇಕು ಅಂತಲೇ ತಿಳಿಯುವುದಿಲ್ಲ. ಹೀಗೆ ಬರೆದೆವು: "ಪಾಸ್‌ಪೋರ್ಟನ್ನು ಇಟ್ಟುಕೊಳ್ಳಲು ಯಾರಿಗೂ ಕೊಡಬೇಡ. ವೀಸಾ ಕೆಲಸಕ್ಕೆ ಕಂಪನಿಯವರು ಕೇಳಿದರೆ ಕೊಡು, ಮುಗಿದ ಕೂಡಲೇ ವಾಪಸ್ ತಗೋ. ಕೆಲಸಗಾರರ ಪಾಸ್‌ಪೋರ್ಟ್ ಮಾಲೀಕರು ಇಟ್ಟುಕೊಳ್ಳುವುದು ಅಲ್ಲಿಯ ಕಾನೂನಿಗೇ ವಿರುದ್ಧ. ಪಾಸ್‌ಪೋರ್ಟು, ವೀಸಾ, ಕೆಲಸದ ಕರಾರು ಮೂರರದ್ದೂ ಫೋಟೋ ಮನೆಗೆ ಕಳಿಸು." ಬೇರೆಯವರು ಕೊಟ್ಟ ಪೊಟ್ಟಣವನ್ನು ಒಳಗೆ ಏನಿದೆ ಅಂತ ನೋಡದೆ ಒಯ್ಯಬೇಡ ಅನ್ನುವುದನ್ನೂ ಹಾಗೇ ನೇರವಾಗಿ ಬರೆದೆವು. ಯಾರೋ ಅಲ್ಲಿರುವ ತಮ್ಮ ಮಗನಿಗೆ ಅಂತ ಕೊಟ್ಟೇ ಕೊಡುತ್ತಾರೆ, ದಾಕ್ಷಿಣ್ಯಕ್ಕೆ ಬಿದ್ದು ಒಯ್ದರೆ ಸಿಕ್ಕಿಬೀಳುವುದು ನಿಮ್ಮ ತಮ್ಮ.

ಇನ್ನೊಂದು, ನಿಮ್ಮ ಕೈಬರಹದಲ್ಲಿ ಅಥವಾ ಟೈಪ್ ಮಾಡಿ ಕೊಡಬೇಡಿ. ತಿದ್ದಿದ್ದನ್ನು ಅಪ್ಪನೇ ಬರೆಯಲಿ. ಬರೆಯುವಾಗ ಅವರು ಒಂದೆರಡು ಉಪದೇಶ ಮತ್ತೆ ಸೇರಿಸುತ್ತಾರೆ, ಇರಲಿ ಬಿಡಿ. ಒಂದೂ ಇಲ್ಲದಿದ್ದರೆ ತಮ್ಮನಿಗೆ ಇದು ಅಪ್ಪನ ಪತ್ರ ಅಂತಲೇ ಅನ್ನಿಸದು. ಹೊರಡುವ ಗಡಿಬಿಡಿಯಲ್ಲಿ, ಎಲ್ಲರ ಎದುರು ಕೊಡುವುದೂ ಬೇಡ, ಬ್ಯಾಗಿನಲ್ಲಿ ಬಟ್ಟೆಯ ಮೇಲೆ ಇಟ್ಟರೆ ರೂಮಿಗೆ ಹೋಗಿ ಒಬ್ಬನೇ ಓದಿಕೊಳ್ಳುತ್ತಾನೆ.

ಪತ್ರಕ್ಕೆ ಕಾಯದೆ ಇವತ್ತೇ ಅಮ್ಮನಿಗೆ ಹೇಳಬೇಕಾದದ್ದು ಒಂದಿದೆ. ಉಪ್ಪಿನಕಾಯಿ, ಹಪ್ಪಳದ ಜೊತೆ ಗಸಗಸೆ ಕಟ್ಟಿಕೊಡುವುದು ಬೇಡ, ಗಸಗಸೆ ಹಾಕಿದ ಮಸಾಲೆ ಪುಡಿ, ಉಂಡೆ ಕೂಡ ಬೇಡ. ಯುಎಇಯಲ್ಲಿ ಗಸಗಸೆ ನಿಷೇಧ, ಅದನ್ನು ಮಾದಕ ವಸ್ತುವಿನ ಲೆಕ್ಕದಲ್ಲಿ ನೋಡುತ್ತಾರೆ. ತಮ್ಮ ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದರೆ ಅದಕ್ಕೆ ಅಲ್ಲಿ ಅನುಮತಿ ಬೇಕಾ ಅಂತ ಮೊದಲೇ ನೋಡಿಕೊಂಡು, ಡಾಕ್ಟರ ಚೀಟಿಯನ್ನೂ ಜೊತೆಗೆ ಇಡಿ.