ಅನ್ನ ಅದೇ ಇರಲಿ, ಒಂದು ಮುಷ್ಟಿ ಹೆಸರು ಸೇರಲಿ

ಓದುಗರ ಪತ್ರ:

"ನಾನು ಬೀಡಿ ಕಟ್ಟುತ್ತೇನೆ, ಮನೆಯವರು ತೋಟದ ಕೆಲಸಕ್ಕೆ ಹೋಗುತ್ತಾರೆ. ಮಗಳು ಎಂಟನೇ ಕ್ಲಾಸಿನವರೆಗೆ ಶಾಲೆಯಲ್ಲೇ ಊಟ ಮಾಡುತ್ತಿದ್ದಳು, ಈಗ ಒಂಬತ್ತು, ಬುತ್ತಿ ಕಟ್ಟಬೇಕು. ಕುಚ್ಚಲಕ್ಕಿ ಅನ್ನ, ಕಾಯಿಚಟ್ನಿ ಇಲ್ಲವೇ ಪಲ್ಯ, ಕೆಲವು ದಿನ ಬೂತಾಯಿ. ನಿಮ್ಮ ಹೋದ ಸಂಚಿಕೆಯ 'ಆರೋಗ್ಯದ ಬುತ್ತಿ' ಪುಟ ನೋಡಿ ಅವಳು 'ಅಮ್ಮಾ, ನಮ್ಮದು ಬುತ್ತಿಯೇ ಅಲ್ಲ' ಅಂದಳು. ವಾರಕ್ಕೆ ಎರಡು ಮೂರು ದಿನ ಅರ್ಧ ಬುತ್ತಿ ಹಾಗೆಯೇ ವಾಪಸ್ ಬರುತ್ತದೆ. ಪನೀರ್, ಬ್ರೊಕೊಲಿ ನಮ್ಮಿಂದ ಆಗುವ ಮಾತಲ್ಲ. ಕಮ್ಮಿ ಖರ್ಚಿನಲ್ಲಿ ಏನು ಹಾಕಲಿ?"
– ಬದಿಯಡ್ಕದ ಕಡೆಯ ಓದುಗರು (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಅಕ್ಕಾ, ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಆ ಪುಟದ ಫೋಟೋ ಆರಿಸಿದ್ದು ನಾನೇ. ಬಣ್ಣ ಚೆನ್ನಾಗಿ ಕಂಡಿತು, ಹಾಕಿದೆ. ಬ್ರೊಕೊಲಿ ನಮ್ಮ ಕುಂಬಳೆ, ಬದಿಯಡ್ಕ, ಪೆರ್ಲದ ಎಷ್ಟು ಮನೆಗಳಲ್ಲಿ ಬೇಯುತ್ತದೆ ಎಂದು ಆಗ ನನಗೆ ಹೊಳೆಯಲೇ ಇಲ್ಲ. ನನ್ನ ಮನೆಯಲ್ಲೂ ಬೇಯುವುದಿಲ್ಲ, ನಿಜ ಹೇಳುತ್ತೇನೆ.

ಇನ್ನು ನಿಮ್ಮ ಬುತ್ತಿಯ ವಿಷಯ. ಅದರಲ್ಲಿ ತೆಗೆದುಹಾಕಬೇಕಾದ್ದು ಏನೂ ಇಲ್ಲ. ಕುಚ್ಚಲಕ್ಕಿಯನ್ನು ಬಿಟ್ಟು ಬೆಳ್ತಿಗೆ ಅನ್ನಕ್ಕೆ ಹೋಗಬೇಡಿ. ಭತ್ತವನ್ನು ಬೇಯಿಸಿ ಒಣಗಿಸುವಾಗ ತವಡಿನ ಹತ್ತಿರ ಇರುವ ಬಿ ಗುಂಪಿನ ವಿಟಮಿನ್ ಕಾಳಿನ ಒಳಗೆ ಇಳಿಯುತ್ತದೆ. ಹಾಗಾಗಿ ಆಮೇಲೆ ಮಿಲ್ಲಿನಲ್ಲಿ ತವಡು ಹೋದರೂ ಸ್ವಲ್ಪ ಭಾಗ ಉಳಿಯುತ್ತದೆ. ಬೆಳ್ತಿಗೆಯಲ್ಲಿ ಅಷ್ಟು ಉಳಿಯುವುದಿಲ್ಲ. ಕೆಂಪು ಕುಚ್ಚಲಕ್ಕಿ ಸಿಕ್ಕರೆ ಇನ್ನೂ ಒಳ್ಳೆಯದು, ಸಿಗದಿದ್ದರೆ ಬಿಳಿಯದೇ ಸಾಕು.

ಮುಖ್ಯವಾಗಿ ಕಮ್ಮಿ ಬೀಳುವುದು ಪ್ರೋಟೀನ್. ಅದೂ ಅನ್ನ-ಚಟ್ನಿಯ ದಿನ ಮಾತ್ರ. ಲೆಕ್ಕ ಹಾಕಿ ನೋಡೋಣ. 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 43 ಗ್ರಾಂ ಪ್ರೋಟೀನ್ ಬೇಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ ಹೇಳುತ್ತದೆ. ಮೂರು ಹೊತ್ತಿಗೆ ಹಂಚಿದರೆ ಮಧ್ಯಾಹ್ನಕ್ಕೆ 14 ಗ್ರಾಂ ಬರುತ್ತದೆ. ಒಂದು ಸಣ್ಣ ಚಹಾ ಗ್ಲಾಸು ಅಕ್ಕಿ, ಅಂದರೆ 100 ಗ್ರಾಂ ಬೇಯಿಸಿದರೆ ಅದರಲ್ಲಿ ಏಳೆಂಟು ಗ್ರಾಂ ಸಿಗುತ್ತದೆ. ಅರ್ಧ ದಾರಿ ಅನ್ನವೇ ಮುಟ್ಟಿಸಿತು ಅಲ್ವಾ? ಉಳಿದ ಅರ್ಧಕ್ಕೆ ಒಂದು ಸಣ್ಣ ಮುಷ್ಟಿ ಹೆಸರು ಕಾಳು ಸಾಕು. 30 ಗ್ರಾಂ ಹೆಸರಲ್ಲಿ ಏಳು ಗ್ರಾಂ ಹತ್ತಿರ ಪ್ರೋಟೀನ್ ಇದೆ. ಕಿಲೋಗೆ 130 ರೂಪಾಯಿ ಎಂದು ಹಿಡಿದರೂ ಒಂದು ಬುತ್ತಿಗೆ ನಾಲ್ಕು ರೂಪಾಯಿ ಆಗುತ್ತದೆ.

ಅನ್ನಕ್ಕೆ ಕಾಳು ಸೇರಿದರೆ ಇನ್ನೊಂದು ಲಾಭವಿದೆ. ಪ್ರೋಟೀನ್ ಎಂದರೆ ಒಂದೇ ವಸ್ತುವಲ್ಲ, ಹಲವು ತುಣುಕು ಸೇರಿ ಆದದ್ದು. ಅಕ್ಕಿಯಲ್ಲಿ ಕಮ್ಮಿ ಇರುವ ತುಣುಕು ಹೆಸರಲ್ಲಿ ಜಾಸ್ತಿ ಇದೆ, ಹೆಸರಲ್ಲಿ ಕಮ್ಮಿ ಇರುವುದು ಅಕ್ಕಿಯಲ್ಲಿ ಇದೆ. ಗಂಜಿಯ ಜೊತೆ ಹೆಸರು ಪಲ್ಯ ಬಡಿಸಿದ ನಮ್ಮ ಅಜ್ಜಿಯರಿಗೆ ಈ ಲೆಕ್ಕ ಗೊತ್ತಿರಲಿಲ್ಲ, ರುಚಿ ಗೊತ್ತಿತ್ತು.

ಮೀನಿನ ದಿನ ಕಾಳಿನ ಚಿಂತೆಯೇ ಬೇಡ. ಎರಡು ಮಧ್ಯಮ ಬೂತಾಯಿ ಒಂದು ಮುಷ್ಟಿ ಹೆಸರಿನ ಕೆಲಸವನ್ನು ಆರಾಮಾಗಿ ಮಾಡುತ್ತವೆ. ಮೆತ್ತಗೆ ಬೆಂದ ಸಣ್ಣ ಮುಳ್ಳನ್ನು ಜಗಿದು ತಿಂದರೆ ಸುಣ್ಣದ ಅಂಶವೂ ಸಿಗುತ್ತದೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್ ಇದೆ. ಮೊಟ್ಟೆ ಹಾಕುವುದಾದರೆ ಬೇಯಿಸಿ ಸಿಪ್ಪೆ ಸಮೇತ ಇಡಿ. ಬೇಗ ಕೆಡುವುದಿಲ್ಲ, ವಾಸನೆಯೂ ಹೊರಗೆ ಬರುವುದಿಲ್ಲ.

ಈಗ ಅರ್ಧ ವಾಪಸ್ ಬರುವ ಬುತ್ತಿಗೆ ಬರೋಣ. ನಿಮ್ಮ ಪತ್ರ ಓದಿದಾಗ ಎಲ್ಲರ ಹಾಗೆ ನಾನೂ ಅಂದುಕೊಂಡದ್ದು, ಹುಡುಗಿಗೆ ನಾಚಿಕೆ ಆಗಿರಬೇಕು ಎಂದು. ಆದರೆ 'ವಾರಕ್ಕೆ ಎರಡು ಮೂರು ದಿನ' ಎಂಬ ಮಾತು ಮನಸ್ಸಿನಲ್ಲೇ ಉಳಿಯಿತು. ನಾಚಿಕೆಯಾದರೆ ದಿನವೂ ಬರಬೇಕಿತ್ತಲ್ಲ. ಅದಕ್ಕೆ ಹೋದ ವಾರ ಆಫೀಸಿಗೆ ಎರಡು ಸ್ಟೀಲ್ ಬುತ್ತಿ ತೆಗೆದುಕೊಂಡು ಹೋದೆ. ಎರಡರಲ್ಲೂ ಅದೇ ಕುಚ್ಚಲಕ್ಕಿ ಅನ್ನ, ಅದೇ ಅಲಸಂಡೆ ಪಲ್ಯ, ಮೇಲೆ ಹಸಿ ತೆಂಗಿನ ತುರಿ. ಒಂದನ್ನು ಒಲೆಯಿಂದ ಇಳಿಸಿದ ಕೂಡಲೇ ಏಳು ಗಂಟೆಗೆ ಮುಚ್ಚಿದ್ದೆ. ಇನ್ನೊಂದರ ಅನ್ನವನ್ನು ಬಟ್ಟಲಲ್ಲಿ ಹರಡಿ, ಇಪ್ಪತ್ತು ನಿಮಿಷ ಹಬೆ ಆರಿಸಿ ಮುಚ್ಚಿದ್ದೆ.

ಒಂದು ಗಂಟೆಗೆ ತೆಗೆದೆ. ಮೊದಲನೆಯದರ ಮುಚ್ಚಳದ ಒಳಗೆ ಬೆವರು ಇಳಿದಂತೆ ನೀರಿನ ಹನಿ. ಪಲ್ಯಕ್ಕೆ ಚಮಚ ಹಾಕಿ ಎತ್ತಿದರೆ ಸಣ್ಣಗೆ ನೂಲು ಬಂತು. ಹಳಸಿದ ವಾಸನೆ ಇನ್ನೂ ಜೋರಾಗಿರಲಿಲ್ಲ, ಆದರೆ ಬಾಯಿಗಿಡಲು ಮನಸ್ಸು ಬರಲಿಲ್ಲ. ಎರಡನೆಯದರ ಅನ್ನ ಬಿಡಿಬಿಡಿಯಾಗಿಯೇ ಇತ್ತು. ಪಲ್ಯ ಪರವಾಗಿಲ್ಲ, ಆದರೆ ಹಸಿ ತುರಿ ಸಿಹಿ ಕಳೆದುಕೊಂಡಿತ್ತು.

ನಿಮ್ಮ ಮಗಳು ಬಿಟ್ಟದ್ದು ನಾಚಿಕೆಗಲ್ಲ, ಹಳಸಿದ್ದಕ್ಕೆ ಇರಬಹುದು. ಮಕ್ಕಳು ಅದನ್ನು ಹೇಳುವುದಿಲ್ಲ, 'ಸೇರಲಿಲ್ಲ' ಎಂದುಬಿಡುತ್ತಾರೆ. ಸಂಜೆ ಬುತ್ತಿ ತೊಳೆಯುವ ಮೊದಲು ಒಮ್ಮೆ ನೋಡಿ. ಕಾಯಿ ಹಾಕಿದ ದಿನ ಮಾತ್ರ ವಾಪಸ್ ಬರುತ್ತದೆಯಾ? ಹಾಗಾದರೆ ಉತ್ತರ ಸಿಕ್ಕಿತು. ಇಲ್ಲವಾದರೆ ಸುಮ್ನೆ ಕೇಳಿ: ಉಣ್ಣಲು ಎಷ್ಟು ಹೊತ್ತು ಸಿಗುತ್ತದೆ, ಕೈ ತೊಳೆಯುವ ಸಾಲಿನಲ್ಲೇ ಅರ್ಧ ಹೊತ್ತು ಹೋಗುತ್ತದೆಯಾ, ಮುಚ್ಚಳ ತೆಗೆಯಲು ಆಗುತ್ತದೆಯಾ ಎಂದು. ನನ್ನ ತಂಗಿಯ ಮಗ ಒಂದು ತಿಂಗಳು ಸರಿಯಾಗಿ ಉಣ್ಣಲಿಲ್ಲ. ಕಾರಣ, ಮುಚ್ಚಳದ ಕ್ಲಿಪ್ಪು ಅವನ ಬೆರಳಿಗೆ ಬಗ್ಗುತ್ತಿರಲಿಲ್ಲ.

ಇನ್ನು ಹೆಸರಿನ ಪಲ್ಯ ಮಧ್ಯಾಹ್ನದವರೆಗೆ ನಿಲ್ಲುವಂತೆ ಮಾಡುವುದು ಹೇಗೆ? ರಾತ್ರಿ ಮಲಗುವ ಮೊದಲು ಒಂದು ಮುಷ್ಟಿ ಕಾಳು ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ಕಾಳು ಮುಳುಗುವಷ್ಟೇ ನೀರಿಟ್ಟು ಬೇಯಿಸಿ. ಒಡೆಯಬಾರದು, ಬೆರಳಲ್ಲಿ ಒತ್ತಿದರೆ ಮೆತ್ತಗಾಗಬೇಕು. ಬಾಣಲೆಯಲ್ಲಿ ಒಂದು ಚಮಚ ತೆಂಗಿನೆಣ್ಣೆ, ಸಾಸಿವೆ, ಒಣಮೆಣಸು, ಜಜ್ಜಿದ ಬೆಳ್ಳುಳ್ಳಿ, ಕರಿಬೇವಿನಸೊಪ್ಪು. ತೆಂಗಿನ ತುರಿಯನ್ನು ಈಗಲೇ ಹಾಕಿ, ಕೊನೆಗಲ್ಲ. ಒದ್ದೆ ಹೋಗಿ ಕೆಂಪಗಾಗುವವರೆಗೆ ಹುರಿಯಿರಿ. ಆಮೇಲೆ ಕಾಳು, ಉಪ್ಪು ಹಾಕಿ ನೀರು ಪೂರ್ತಿ ಆರಿಸಿ. ಹಸಿ ತುರಿ ಬೇಗ ಕೆಡುವುದು ಅದರ ತೇವದಿಂದ, ಹುರಿದರೆ ಆ ತೇವ ಹೋಗುತ್ತದೆ. ಹಿತ್ತಲಲ್ಲಿ ನುಗ್ಗೆ ಇದ್ದರೆ ಒಂದು ಹಿಡಿ ಸೊಪ್ಪನ್ನು ಒಗ್ಗರಣೆಯಲ್ಲೇ ಬಾಡಿಸಿ.

ಒಲೆ ಆರಿಸಿದ ಮೇಲೆ, ಪಲ್ಯ ಬೆಚ್ಚಗಿರುವಾಗ ಅರ್ಧ ನಿಂಬೆ ಹಿಂಡಿ. ಹುಳಿ ಇದ್ದರೆ ಪಲ್ಯ ಅಷ್ಟು ಬೇಗ ಹಳಸುವುದಿಲ್ಲ. ಜೊತೆಗೆ, ಕಾಳಿನಲ್ಲಿರುವ ಕಬ್ಬಿಣ ದೇಹಕ್ಕೆ ಹಿಡಿಯಬೇಕಾದರೆ ವಿಟಮಿನ್ ಸಿ ಬೇಕು, ಬೇಯಿಸಿದರೆ ಅದು ಕಮ್ಮಿಯಾಗುತ್ತದೆ. ನಿಂಬೆ ಇಲ್ಲದ ದಿನ ಮರದ ಪೇರಳೆಯ ಒಂದು ಹೋಳೋ ಎರಡು ನೆಲ್ಲಿಕಾಯಿಯೋ ಹಾಕಿದರೂ ನಡೆಯುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಈ ಲಾಭ ಅರ್ಧ ಕರಗುತ್ತದೆ. ಮಗಳಿಗೆ ಬೇಗ ಸುಸ್ತು, ಏದುಸಿರು, ಮುಖ ಬಿಳಿಚಿದ್ದು ಕಂಡರೆ ಬುತ್ತಿಯಿಂದಲೇ ಸರಿಯಾಗುತ್ತದೆ ಎಂದು ಕಾಯಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ.

ರಾತ್ರಿಯ ಅನ್ನದ ಬಗ್ಗೆ ಒಂದು ಮಾತು. ನೀರು ಹಾಕಿಟ್ಟ ತಂಗಳನ್ನ ನಮ್ಮ ಕಡೆಯ ಒಳ್ಳೆಯ ಊಟ, ಮಜ್ಜಿಗೆ ಹಾಕಿ ನಾನೂ ಉಣ್ಣುತ್ತೇನೆ. ಆದರೆ ಅದು ಬೆಳಿಗ್ಗೆ ಮನೆಯಲ್ಲಿ ಉಣ್ಣುವ ಅನ್ನ, ಮಧ್ಯಾಹ್ನದವರೆಗೆ ಬುತ್ತಿಯಲ್ಲಿ ಪ್ರಯಾಣ ಮಾಡುವ ಅನ್ನ ಅಲ್ಲ. ರಾತ್ರಿಯಿಡೀ ಹೊರಗಿದ್ದ ಒಣ ಅನ್ನವಂತೂ ಬೇಡವೇ ಬೇಡ. ಅನ್ನದಲ್ಲಿ ಉಳಿಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಟ್ಟರೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬುತ್ತಿಯ ಅನ್ನ ಬೆಳಿಗ್ಗೆ ಬಸಿದದ್ದೇ ಇರಲಿ.

ಬೂತಾಯಿ ಕೊಡುವ ದಿನ ಕಾಯಿ ಅರೆದ ಗಸಿ ಬೇಡ, ಪುಳಿಮುಂಚಿ ಮಾಡಿ. ಹುಣಸೆಹುಳಿ, ಮೆಣಸು ಮಾತ್ರ, ಕಾಯಿ ಇಲ್ಲ. ಗೊಜ್ಜಿನ ಹಾಗೆ ದಪ್ಪಗೆ ಇಳಿಸಿ ಬೇರೆ ಸಣ್ಣ ಡಬ್ಬಿಯಲ್ಲಿ ಹಾಕಿದರೆ ಸೋರುವುದಿಲ್ಲ, ವಾಸನೆಯೂ ಅನ್ನಕ್ಕೆ ಹತ್ತುವುದಿಲ್ಲ. ಮಳೆಗಾಲದಲ್ಲಿ, ಜುಲೈ ಕೊನೆಯವರೆಗಿನ 52 ದಿನಗಳ ಟ್ರಾಲಿಂಗ್ ನಿಷೇಧದ ಹೊತ್ತಿಗೆ ಮೀನು ದುಬಾರಿ. ಆಗ ಹೆಸರು, ಹುರುಳಿ, ಅಲಸಂಡೆ ಸರದಿಯಲ್ಲಿ ಬರಲಿ. ಕ್ಲಾಸಿನಲ್ಲಿ ಯಾರಾದರೂ ಮೂಗು ಮುಚ್ಚಿದರೆ ಮಗಳನ್ನು ತಿದ್ದಬೇಡಿ. ಆ ಮಾತನ್ನು ಕ್ಲಾಸ್ ಟೀಚರ್ ಹತ್ತಿರ ಎತ್ತಿ. ಒಬ್ಬರ ಮನೆಯಲ್ಲಿ ತಂಬುಳಿ, ಒಬ್ಬರ ಮನೆಯಲ್ಲಿ ಮೀನು, ಇನ್ನೊಬ್ಬರ ಮನೆಯಲ್ಲಿ ಪತ್ತಿರಿ. ಒಂದೇ ಬೆಂಚಿನಲ್ಲಿ ಇವೆಲ್ಲ ಕೂತು ಉಣ್ಣುವ ಊರು ನಮ್ಮದು.

ಈ ಪತ್ರ ಓದುವ ಬೇರೆ ತಂದೆತಾಯಿಗಳೂ ಇದ್ದೀರಿ. ಬೆಳಿಗ್ಗೆ ಆರಕ್ಕೇ ಕೆಲಸಕ್ಕೆ ಹೊರಟು, ಬೇಕರಿಯ ಬನ್ನನ್ನೋ ಹೋಟೆಲಿನ ಪರೋಟವನ್ನೋ ಕಟ್ಟಿ ಕೊಡುವವರು ನೀವಾದರೆ, ಲೆಕ್ಕ ನಿಮಗೂ ಅದೇ. ಇರುವುದಕ್ಕೆ ಒಂದು ಮುಷ್ಟಿ ಸೇರಿಸಿ. ಹುರಿದ ನೆಲಗಡಲೆ ಒಂದು ಡಬ್ಬದಲ್ಲಿ ತುಂಬಿಟ್ಟರೆ ಅಡುಗೆಯೇ ಬೇಡ, ಮಗುವೇ ಹಾಕಿಕೊಂಡು ಹೋಗುತ್ತದೆ. 30 ಗ್ರಾಂ ನೆಲಗಡಲೆಯಲ್ಲೂ ಏಳು ಗ್ರಾಂ ಹತ್ತಿರ ಪ್ರೋಟೀನ್ ಇದೆ. ಅವಲಕ್ಕಿಗೂ ಪುಟ್ಟಿಗೂ ಅದೇ ಸಾಕು.

ಮುಂದಿನ ಸಂಚಿಕೆಯ ಬುತ್ತಿ ಪುಟಕ್ಕೆ ಫೋಟೋ ತೆಗೆಯಲು ಈ ಬಾರಿ ನಮ್ಮ ಆಫೀಸಿನ ಐದು ಮಂದಿಯ ಬುತ್ತಿಗಳನ್ನೇ ಸಾಲಾಗಿ ಇಟ್ಟಿದ್ದೇವೆ. ನನ್ನದರಲ್ಲಿ ಅನ್ನ, ಹೆಸರು, ಮಾವಿನಮಿಡಿ ಉಪ್ಪಿನಕಾಯಿ. ನೀವು ನಿಮ್ಮ ಪುಳಿಮುಂಚಿಯ ಅಳತೆ ಬರೆದು ಕಳಿಸಿದರೆ ಪಕ್ಕದಲ್ಲೇ ಹಾಕುತ್ತೇವೆ, ಹೆಸರಿಲ್ಲದೆಯೇ. ಮಗಳನ್ನು ಕೇಳಿ ಕಳಿಸಿ.

– ಸಂ.