ದೋಣಿ ಮತ್ತು ಕಡವು

«ವಿಯೆಟ್ನಾಮಿನ ಕಾ ಜಾವ್ ಅನ್ನೋ ಜನಪದ ಪದ್ಯಗಳಲ್ಲಿ ಜೋಡಿ ಚಿತ್ರ ಬರುತ್ತಲ್ಲ, ಅದನ್ನ ಕನ್ನಡಕ್ಕೆ ತರೋದು ಹೇಗೆ?»

ದೋಣಿ-ಕಡವಿನ ಪದ್ಯ ನೋಡಿ. ದೋಣಿ ಅಂದರೆ ಬಿಟ್ಟು ಹೋದ ಗಂಡು, ಅದು ಬಂದು ನಿಲ್ಲುವ ಕಡವು ಅಂದರೆ ಕಾಯುವ ಹೆಣ್ಣು, ಆದರೆ ಪದ್ಯ ಅದನ್ನು ಎಲ್ಲೂ ಬಾಯಿ ಬಿಟ್ಟು ಹೇಳುವುದಿಲ್ಲ. ನೀವೂ ಹೇಳಬೇಡಿ, ‘ನಲ್ಲ’ ಅಂತ ಸೇರಿಸಿದರೆ ಕೆಟ್ಟಿತು.

ದೋಣಿಯೇ, ಕಡವಿನ ನೆನಪು ಇದೆಯಾ?
ಕಡವು ಒಂದೇ ಎದೆಯಾಗಿ ಕಾದಿದೆ ದೋಣಿಯ.

ಮೂಲದಲ್ಲಿ ಮೊದಲ ಸಾಲಿಗೆ 6 ಉಚ್ಚಾರಾಂಶ, ಎರಡನೆಯದಕ್ಕೆ 8. ಮೊದಲ ಸಾಲಿನ ಕೊನೆಯ ‘ಚಂಗ್’ ಎರಡನೆಯದರ ಆರನೇ ಉಚ್ಚಾರಾಂಶವಾದ ‘ಖಂಗ್’ಗೆ ಪ್ರಾಸ, ಅಂದರೆ ಪ್ರಾಸ ಸಾಲಿನ ನಡುವೆ ಬಂದು ಕೂರುತ್ತದೆ. ಕನ್ನಡದಲ್ಲಿ ಆ ಎಣಿಕೆ ಹಿಡಿಯಲು ಹೋಗಿ ನಾನು ಸುಮ್ನೆ ಒದ್ದಾಡಿದೆ. ಕೊನೆಗೆ ಎಣಿಕೆ ಬಿಟ್ಟು ‘ಇದೆಯಾ–ಎದೆಯಾ’ ಇಟ್ಟುಕೊಂಡೆ. ದೋಣಿ, ಕಡವು, ಮತ್ತೆ ಕಡವು, ದೋಣಿ ಅನ್ನುವ ಮೂಲದ ಕ್ರಮವೂ ಉಳಿಯಿತು, ಅಲ್ವಾ?