ಹತ್ತಿ ಮೋಡ ಗುಡುಗು ಮೋಡ ಆಗೋದನ್ನ ಗುರುತಿಸುವುದು

ಮೋಡ ನೋಡಿ ಮಳೆ ಬರುತ್ತಾ ಇಲ್ವಾ ಅಂತ ಹೇಳೋದು ಹೇಗೆ?

ಬಣ್ಣಕ್ಕಿಂತ ಮೋಡದ ಎತ್ತರ ನೋಡಿ. ತಳ ಚಪ್ಪಟೆಯಾಗಿ, ಅಗಲಕ್ಕಿಂತ ಎತ್ತರ ಕಡಿಮೆ ಇರುವ ಹತ್ತಿಯುಂಡೆಯಂಥ ಮೋಡ, ಅಂದರೆ ಕ್ಯುಮುಲಸ್, ಸಾಮಾನ್ಯವಾಗಿ ಮಳೆ ತರುವುದಿಲ್ಲ. ಅದೇ ಮೋಡ ಹೂಕೋಸಿನಂತೆ ಮೇಲಕ್ಕೆ ಉಬ್ಬುತ್ತಿದ್ದರೆ ಹುಷಾರು.

ಕಾದ ನೆಲದಿಂದ ಬಿಸಿ ಗಾಳಿ ಮೇಲೇರಿ ತಣ್ಣಗಾದಾಗ ಅದರಲ್ಲಿನ ಆವಿ ಹನಿಯಾಗುತ್ತದೆ. ಆಗ ಶಾಖ ಹೊರಬಿದ್ದು ಮೋಡವನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ.

ಬೆಂಗಳೂರಿನ ಏಪ್ರಿಲ್-ಮೇ ನೆನಪಿಸಿಕೊಳ್ಳಿ. ಬೆಳಿಗ್ಗೆ ಹನ್ನೊಂದಕ್ಕೆ ಸಣ್ಣ ಉಂಡೆಗಳು, ಮಧ್ಯಾಹ್ನ ಮೂರರ ಹೊತ್ತಿಗೆ ಗೋಪುರ. ಆಮೇಲೆ ನೆತ್ತಿಯನ್ನೇ ಗಮನಿಸಿ. ಅಂಚು ಕತ್ತರಿಸಿದಷ್ಟು ಸ್ಪಷ್ಟವಾಗಿದ್ದರೆ ಅಲ್ಲಿ ಇನ್ನೂ ನೀರಿನ ಹನಿಗಳೇ ಜಾಸ್ತಿ. ಅಂಚು ಮಸುಕಾಗಿ, ಕಮ್ಮಾರನ ಅಡಿಗಲ್ಲಿನಂತೆ ಅಗಲವಾಗಿ ಹರಡಿದರೆ ಅದು ಹಿಮದ ಹರಳಾಗಿದೆ ಅಂತ. ಇದೇ ಕ್ಯುಮುಲೋನಿಂಬಸ್. ಗುಡುಗು, ಸಿಡಿಲು, ಬಿರುಗಾಳಿ, ಕೆಲವೊಮ್ಮೆ ಆಲಿಕಲ್ಲು ಇದರದ್ದೇ. ದೂರದಲ್ಲಿ ಗುಡುಗು ಕೇಳಿಸಿದರೂ ಸರಿ, ದಯವಿಟ್ಟು ಒಳಗೆ ಬನ್ನಿ, ಮರದ ಕೆಳಗೆ ಮಾತ್ರ ನಿಲ್ಲಬೇಡಿ.

ಜುಲೈನಲ್ಲಿ ಮಲೆನಾಡಿನ ಆಕಾಶ ಬೇರೆ. ಸೂರ್ಯನೇ ಕಾಣದಂತೆ ಬೂದು ಕಂಬಳಿ ಹೊದ್ದಂಥ ನಿಂಬೋಸ್ಟ್ರೇಟಸ್ ಇರುತ್ತದೆ. ಗುಡುಗು ಕಡಿಮೆ, ಆದರೆ ಮಳೆ ಗಂಟೆಗಟ್ಟಲೆ ಬಿಡುವುದಿಲ್ಲ. ತೀರಾ ಎತ್ತರದ ಗರಿಯಂಥ ಸಿರಸ್ ಮೋಡದಿಂದ ನೆಲಕ್ಕೆ ಮಳೆ ಬೀಳುವುದಿಲ್ಲ.